ಎಂಟು ಸೆಕೆಂಡಿನ ಒಂದೇ ಹೆಜ್ಜೆ

ಬ್ರೌಸರಿನಲ್ಲಿ ಆಡುವ ಒಂದು ಚಿಕ್ಕ ಆಟ. ಪಾತ್ರ ನೆಲದ ಮೇಲೆ ಸುಮ್ಮನೆ ನಿಂತಿದೆ. ಓಡುತ್ತಿಲ್ಲ, ಜಿಗಿಯುತ್ತಿಲ್ಲ, ಹತ್ತಿರದಲ್ಲಿ ಶತ್ರುವೂ ಇಲ್ಲ. ಆಡುತ್ತಿದ್ದವರು ಪಕ್ಕದ ಟ್ಯಾಬಿಗೆ ಹೋಗಿ, ಬಂದಿದ್ದ ಮೇಲ್ ಮೇಲೆ ಕಣ್ಣಾಡಿಸಿ, ಎಂಟು ಸೆಕೆಂಡಿನಲ್ಲಿ ಮರಳುತ್ತಾರೆ. ನೆಲ ಇದೆ, ಮರಗಳಿವೆ, ಮೇಲಿನ ಮೂಲೆಯಲ್ಲಿ ಅಂಕಗಳೂ ಹಾಗೆಯೇ ಇವೆ. ಪಾತ್ರ ಮಾತ್ರ ಇಲ್ಲ.

ಆಟ ಬರೆದವರಿಗೆ ದೂರು ಹೋಗುತ್ತದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಆಡಿ ನೋಡಿದರೂ ಪಾತ್ರ ಒಮ್ಮೆಯೂ ಮಾಯವಾಗುವುದಿಲ್ಲ. ಅವರು ಟ್ಯಾಬ್ ಬದಲಿಸಿರುವುದಿಲ್ಲ, ಅಷ್ಟೇ. ಕೊನೆಗೆ ಅನುಮಾನ ಬಂದು, ನೆಲಕ್ಕೆ ಡಿಕ್ಕಿ ಹೊಡೆಯುವ ಲೆಕ್ಕವಿರುವ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಡುತ್ತಾರೆ. ಅಂದರೆ, ಪ್ರೋಗ್ರಾಂ ಆ ಸಾಲಿಗೆ ಬಂದಾಗ ನಿಂತುಬಿಡಬೇಕು, ಒಳಗಿನ ಸಂಖ್ಯೆಗಳನ್ನು ನಿಧಾನವಾಗಿ ನೋಡಬೇಕು ಎಂಬ ಏರ್ಪಾಡು. ನೋಡಿದ ಸಂಖ್ಯೆಗಳೆಲ್ಲ ಸರಿಯಾಗಿಯೇ ಇವೆ. ಸಮಾಧಾನದಿಂದ ‘ಮುಂದುವರಿಸು’ ಗುಂಡಿ ಒತ್ತುತ್ತಾರೆ. ಈಗ ಪಾತ್ರ ಅವರ ಕಣ್ಣೆದುರೇ ಮಾಯವಾಗುತ್ತದೆ.

ಎರಡೂ ಸಲ ಆದದ್ದು ಒಂದೇ ತಪ್ಪು. ಅದು ನೆಲದ ಲೆಕ್ಕದಲ್ಲಿಲ್ಲ, ಸಮಯದ ಲೆಕ್ಕದಲ್ಲಿದೆ.

ಪರದೆಯ ಮೇಲಿನ ಆಟ ನಿರಂತರವಾಗಿ ಹರಿಯುವಂತೆ ಕಂಡರೂ ಒಳಗೆ ಅದು ಬಿಡಿ ಬಿಡಿ ಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಸಾಮಾನ್ಯ ಪರದೆಯಲ್ಲಿ ಸೆಕೆಂಡಿಗೆ 60 ಫ್ರೇಮ್‌ಗಳು, ಅಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡ್ ಅಂತರ. ಪ್ರತಿ ಫ್ರೇಮಿನಲ್ಲೂ ಪ್ರೋಗ್ರಾಂ ಎರಡು ಕೆಲಸ ಮಾಡುತ್ತದೆ: ಯಾವ ವಸ್ತು ಎಲ್ಲಿಗೆ ಸರಿಯಬೇಕು ಎಂದು ಲೆಕ್ಕ ಹಾಕುತ್ತದೆ, ಆಮೇಲೆ ಚಿತ್ರ ಬಿಡಿಸುತ್ತದೆ.

ಎಷ್ಟು ಸರಿಯಬೇಕು ಎಂಬುದನ್ನು ತೀರ್ಮಾನಿಸಲು ಹಿಂದಿನ ಕಾಲದ ಆಟಗಳು ಗಡಿಯಾರ ನೋಡುವ ಗೋಜಿಗೆ ಹೋಗದಿದ್ದದ್ದೂ ಉಂಟು. ಒಂದು ಸುತ್ತಿಗೆ ಇಷ್ಟು ಚುಕ್ಕೆ ಎಂದು ಸರಿಸುತ್ತಾ ಹೋದರಾಯಿತು. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾದೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳನ್ನು ಹೊಡೆದು ಕಡಿಮೆ ಮಾಡಿದಷ್ಟೂ ಉಳಿದವರು ಜೋರಾಗಿ ನುಗ್ಗುತ್ತಿದ್ದರು. ಚಿತ್ರಿಸಬೇಕಾದ ಶತ್ರುಗಳು ಕಡಿಮೆಯಾದಂತೆ ಯಂತ್ರಕ್ಕೆ ಕೆಲಸ ಹಗುರವಾಗಿ, ಅದರ ಸುತ್ತುಗಳು ಬೇಗ ಬೇಗ ಮುಗಿಯುತ್ತಿದ್ದವು. ಆ ಆಟಕ್ಕೆ ಅದೇ ಸೊಗಸಾಯಿತು. ಆದರೆ ಎಲ್ಲ ಆಟಗಳಿಗೂ ಈ ಅದೃಷ್ಟವಿರಲಿಲ್ಲ. ನಿಧಾನದ ಕಂಪ್ಯೂಟರಿಗಾಗಿ ಬರೆದ ಆಟ ಮುಂದಿನ ಪೀಳಿಗೆಯ ಕಂಪ್ಯೂಟರಿನಲ್ಲಿ ಆಡಲಾಗದಷ್ಟು ವೇಗವಾಗಿ ಓಡುತ್ತಿತ್ತು. ಈ ಪಾಡು ಇಂದೂ ತಪ್ಪಿಲ್ಲ. ಸೆಕೆಂಡಿಗೆ 60 ಫ್ರೇಮ್ ಎಂದು ನಂಬಿ ಬರೆದ ಬ್ರೌಸರ್ ಆಟವನ್ನು 144 ಹರ್ಟ್ಸ್ ಪರದೆಯಲ್ಲಿ ತೆರೆದರೆ ಅದು ಎರಡೂವರೆ ಪಟ್ಟಿನಷ್ಟು ವೇಗವಾಗಿ ಓಡೀತು.

ಇದಕ್ಕೆ ಕಂಡುಕೊಂಡ ಪರಿಹಾರವೇ ಡೆಲ್ಟಾ ಟೈಮ್. ಪ್ರತಿ ಫ್ರೇಮಿನ ಆರಂಭದಲ್ಲಿ ಗಡಿಯಾರ ನೋಡಿ, ಹಿಂದಿನ ಫ್ರೇಮಿನಿಂದ ಈಚೆಗೆ ಎಷ್ಟು ಸಮಯ ಕಳೆಯಿತು ಎಂದು ಅಳೆಯುವುದು. ವೇಗವನ್ನು ಆ ಸಮಯದಿಂದ ಗುಣಿಸಿ, ಬಂದಷ್ಟು ದೂರ ಸರಿಸುವುದು. ಸೆಕೆಂಡಿಗೆ 300 ಪಿಕ್ಸೆಲ್ ಓಡುವ ಪಾತ್ರ 60 ಫ್ರೇಮಿನ ಪರದೆಯಲ್ಲಿ ಒಂದು ಸಲಕ್ಕೆ 5 ಪಿಕ್ಸೆಲ್ ಸರಿಯುತ್ತದೆ, 144ರದ್ದರಲ್ಲಿ ಎರಡು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಸೆಕೆಂಡ್ ಮುಗಿಯುವಾಗ ಎರಡರಲ್ಲೂ ದೂರ 300 ಪಿಕ್ಸೆಲ್ಲೇ. ಕೋಡಿನಲ್ಲಿ ಈ ಸಂಖ್ಯೆಗೆ `dt` ಎಂದು ಹೆಸರಿಡುವುದು ರೂಢಿ.

ಈ ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಇದರ ಬೆನ್ನಿಗೆ ಒಂದು ನಂಬಿಕೆಯಿದೆ: ಎರಡು ಫ್ರೇಮ್‌ಗಳ ನಡುವಿನ ಸಮಯ ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ ಎಂಬುದು. ಆ ನಂಬಿಕೆಯನ್ನು ಯಾರೂ ಕೋಡಿನಲ್ಲಿ ಬರೆದಿರುವುದಿಲ್ಲ. ಟ್ಯಾಬ್ ಬದಲಿಸಿದ ಕೂಡಲೇ ಅದು ಮುರಿದುಬೀಳುತ್ತದೆ.

ಬ್ರೌಸರ್ ಆಟಗಳು ಫ್ರೇಮಿಗೊಮ್ಮೆ ತಮ್ಮನ್ನು ಕರೆಯಲು `requestAnimationFrame` ಎಂಬ ಸೌಲಭ್ಯವನ್ನು ಬಳಸುತ್ತವೆ. ಟ್ಯಾಬ್ ಮರೆಯಾದರೆ ಬಹುತೇಕ ಬ್ರೌಸರ್‌ಗಳು ಈ ಕರೆಯನ್ನೇ ನಿಲ್ಲಿಸುತ್ತವೆ. ಯಾರೂ ನೋಡದ ಚಿತ್ರವನ್ನು ಸೆಕೆಂಡಿಗೆ 60 ಸಲ ಬಿಡಿಸಿ ಬ್ಯಾಟರಿ ಖಾಲಿ ಮಾಡುವುದರಲ್ಲಿ ಅರ್ಥವಿಲ್ಲವಲ್ಲ. ಆಟ ನಿಂತಿತು, ಗಡಿಯಾರ ನಿಲ್ಲಲಿಲ್ಲ. ಎಂಟು ಸೆಕೆಂಡ್ ಕಳೆದು ಟ್ಯಾಬ್ ಮತ್ತೆ ಕಂಡಾಗ ಬರುವ ಮೊದಲ ಕರೆಯಲ್ಲಿ ಪ್ರೋಗ್ರಾಂ ಎಂದಿನಂತೆ ಹಿಂದಿನ ಫ್ರೇಮಿನ ಸಮಯವನ್ನು ಕಳೆಯುತ್ತದೆ. ಉತ್ತರ 0.0167 ಬರಬೇಕಾದ ಜಾಗದಲ್ಲಿ 8 ಬರುತ್ತದೆ. ಬ್ರೇಕ್‌ಪಾಯಿಂಟಿನ ಕಥೆಯೂ ಇದೇ. ಕೋಡ್ ನಿಂತಿರುತ್ತದೆ, ಪ್ರೋಗ್ರಾಮರ್ ಸಂಖ್ಯೆಗಳನ್ನು ಓದುತ್ತಿರುತ್ತಾರೆ, ಕಂಪ್ಯೂಟರಿನ ಗಡಿಯಾರ ತನ್ನ ಪಾಡಿಗೆ ಓಡುತ್ತಿರುತ್ತದೆ.

ಓಡುತ್ತಿದ್ದ ಪಾತ್ರವಾದರೆ 300ನ್ನು 8ರಿಂದ ಗುಣಿಸಿ ಒಂದೇ ನೆಗೆತಕ್ಕೆ 2,400 ಪಿಕ್ಸೆಲ್ ಆಚೆ ಹೋಗಿ ನಿಲ್ಲುತ್ತದೆ. 1280 ಪಿಕ್ಸೆಲ್ ಅಗಲದ ಪರದೆಗೆ ಅದು ಹೆಚ್ಚುಕಡಿಮೆ ಎರಡು ಪರದೆ ದೂರ. ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಸುಮ್ಮನೆ ನಿಂತಿದ್ದ ಪಾತ್ರಕ್ಕೆ ಏನಾಯಿತು?

ಹೆಚ್ಚಿನ ಆಟಗಳಲ್ಲಿ ‘ನಿಂತಿರುವುದು’ ಎಂದರೆ ನಿಜವಾಗಿ ನಿಂತಿರುವುದಲ್ಲ. ಗುರುತ್ವ ಪ್ರತಿ ಫ್ರೇಮಿನಲ್ಲೂ ಪಾತ್ರವನ್ನು ಕೆಳಗೆ ಎಳೆಯುತ್ತದೆ, ಅದು ನೆಲದೊಳಕ್ಕೆ ಒಂದಿಷ್ಟು ಇಳಿಯುತ್ತದೆ, ಡಿಕ್ಕಿಯ ಲೆಕ್ಕ ಅದನ್ನು ಪತ್ತೆ ಹಚ್ಚಿ ಮತ್ತೆ ಮೇಲೆ ತಂದು ಕೂರಿಸುತ್ತದೆ. ಗುರುತ್ವ ಪ್ರತಿ ಸೆಕೆಂಡಿಗೆ ವೇಗವನ್ನು 900 ಪಿಕ್ಸೆಲ್‌ನಷ್ಟು ಹೆಚ್ಚಿಸುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಸಾಮಾನ್ಯ ಫ್ರೇಮಿನಲ್ಲಿ ಕೆಳಮುಖ ವೇಗ ಸೊನ್ನೆಯಿಂದ 15ಕ್ಕೆ ಏರುತ್ತದೆ. ಆ ವೇಗದಲ್ಲಿ 16.7 ಮಿಲಿಸೆಕೆಂಡಿಗೆ ಇಳಿಯುವುದು ಕಾಲು ಪಿಕ್ಸೆಲ್. ನೆಲ 32 ಪಿಕ್ಸೆಲ್ ದಪ್ಪವಿದೆ. ಪಾತ್ರ ನೆಲವನ್ನು ತಾಗಿಕೊಂಡಿದೆ ಎಂದು ಪ್ರೋಗ್ರಾಮಿಗೆ ಗೊತ್ತಾಗುತ್ತದೆ, ಕಾಲು ಪಿಕ್ಸೆಲ್ ಮೇಲೆತ್ತಿ ವೇಗವನ್ನು ಸೊನ್ನೆ ಮಾಡುತ್ತದೆ. ಇದು ಸೆಕೆಂಡಿಗೆ 60 ಸಲ ನಡೆಯುತ್ತಿದ್ದರೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಈಗ ಅದೇ ಸಾಲುಗಳಿಗೆ 8 ಸೆಕೆಂಡ್ ಕೊಡಿ. ವೇಗ 900ರ ಎಂಟು ಪಟ್ಟು, 7,200. ಆ ವೇಗದಲ್ಲಿ ಮತ್ತೆ 8 ಸೆಕೆಂಡಿನ ಇಳಿತ, 57,600 ಪಿಕ್ಸೆಲ್. 720 ಪಿಕ್ಸೆಲ್ ಎತ್ತರದ ಪರದೆಯ ಲೆಕ್ಕದಲ್ಲಿ ಪಾತ್ರ 80 ಪರದೆಗಳಷ್ಟು ಕೆಳಗೆ ಹೋಯಿತು, ಅದೂ ಒಂದೇ ಫ್ರೇಮಿನಲ್ಲಿ. ಹೋಗುವ ದಾರಿಯಲ್ಲಿ ಅದು ನೆಲವನ್ನು ಎಲ್ಲೂ ಮುಟ್ಟಲಿಲ್ಲ, ಏಕೆಂದರೆ ದಾರಿ ಎಂಬುದೇ ಇರಲಿಲ್ಲ. ಸರಳ ಆಟಗಳಲ್ಲಿ ಡಿಕ್ಕಿಯನ್ನು ಪರೀಕ್ಷಿಸುವುದು ಹೆಜ್ಜೆ ಮುಗಿದ ಮೇಲಿನ ಜಾಗದಲ್ಲಿ ಮಾತ್ರ. ಕಣ್ಣು ಮುಚ್ಚಿಕೊಂಡು ಹೆಜ್ಜೆ ಇಟ್ಟು, ಕಾಲೂರಿದ ಮೇಲೆ ಕಣ್ಣು ಬಿಟ್ಟು ಸುತ್ತ ನೋಡುವವನ ಹಾಗೆ. ಹೆಜ್ಜೆ ಚಿಕ್ಕದಿದ್ದಾಗ ಈ ಕ್ರಮ ಸಾಕು. ಗೋಡೆಯ ದಪ್ಪಕ್ಕಿಂತ ಹೆಜ್ಜೆ ಉದ್ದವಾದರೆ ಗೋಡೆ ಕಾಣುವುದೇ ಇಲ್ಲ. ಈ ಲೆಕ್ಕದಲ್ಲಿ ಇನ್ನೊಂದು ಎಡವಟ್ಟೂ ಇದೆ. ನಿಜವಾಗಿ ಎಂಟು ಸೆಕೆಂಡ್ ಬಿದ್ದಿದ್ದರೆ ಪಾತ್ರ ಇಳಿಯಬೇಕಿದ್ದದ್ದು 28,800 ಪಿಕ್ಸೆಲ್. ಒಂದೇ ಹೆಜ್ಜೆಯಲ್ಲಿ ಲೆಕ್ಕ ಹಾಕಿದ್ದಕ್ಕೆ ಉತ್ತರ ಅದರ ಇಮ್ಮಡಿಯಾಗಿದೆ. ಕೊನೆಯಲ್ಲಿ ಬರಬೇಕಾದ ವೇಗವನ್ನು ಎಂಟೂ ಸೆಕೆಂಡಿಗೆ ಹಚ್ಚಿದ್ದರ ಫಲ ಅದು. ಎಂದರೆ ಉದ್ದದ ಹೆಜ್ಜೆ ಗೋಡೆ ದಾಟುವುದಷ್ಟೇ ಅಲ್ಲ, ಲೆಕ್ಕವನ್ನೇ ಕೆಡಿಸುತ್ತದೆ.

ಕಾಯಿಲೆಯನ್ನು ಗುರುತಿಸುವುದು ಕಷ್ಟವಲ್ಲ. ಸಮಯ ಅಳೆದ ಸಾಲಿನ ಕೆಳಗೇ ಹೀಗೊಂದು ಸಾಲು ಹಾಕಬೇಕು:

```
if (dt > 0.1) console.log("dt", dt, player.y);
```

ಆಡುವಷ್ಟು ಹೊತ್ತೂ ಏನೂ ಮೂಡುವುದಿಲ್ಲ. ಟ್ಯಾಬ್ ಬದಲಿಸಿ ಬಂದರೆ ಒಂದೇ ಒಂದು ಸಾಲು ಮೂಡುತ್ತದೆ, ಅದರಲ್ಲಿ 8ರ ಆಸುಪಾಸಿನ ಸಂಖ್ಯೆ ಇರುತ್ತದೆ. ಹೊರಗೆ ಕಳೆದ ಸಮಯಕ್ಕೂ ಆ ಸಂಖ್ಯೆಗೂ ತಾಳೆಯಾದರೆ ಮತ್ತೆಲ್ಲೂ ಹುಡುಕಬೇಕಿಲ್ಲ. ಬ್ರೇಕ್‌ಪಾಯಿಂಟ್ ಇಟ್ಟು ತಪ್ಪು ಹುಡುಕುವವರು ಇದನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ತಾವು ಹುಡುಕುತ್ತಿರುವ ತಪ್ಪು ಯಾವುದು, ಹುಡುಕಾಟವೇ ಹುಟ್ಟಿಸಿದ ತಪ್ಪು ಯಾವುದು ಎಂಬುದೇ ತಿಳಿಯದೆ ಒಂದಿಡೀ ಸಂಜೆ ಕಳೆದುಹೋಗುತ್ತದೆ.

ಪರಿಹಾರ ಇನ್ನೂ ಚಿಕ್ಕದು. ಅಳೆದ ಸಮಯಕ್ಕೆ ಒಂದು ಮೇಲ್ಮಿತಿ ಹಾಕುವುದು. ಪ್ರೋಗ್ರಾಮರುಗಳ ಮಾತಿನಲ್ಲಿ ಕ್ಲ್ಯಾಂಪ್ ಮಾಡುವುದು.

```
let last = performance.now();

function frame(now) {
  let dt = (now - last) / 1000;
  last = now;
  dt = Math.max(0, Math.min(dt, 0.05));
  update(dt);
  draw();
  requestAnimationFrame(frame);
}
requestAnimationFrame(frame);
```

ಇಲ್ಲಿ ಮಿತಿ 0.05 ಸೆಕೆಂಡ್, ಅಂದರೆ ಮೂರು ಸಾಮಾನ್ಯ ಫ್ರೇಮ್‌ಗಳಷ್ಟು. ಎಂಟು ಸೆಕೆಂಡ್ ಕಳೆದಿದ್ದರೂ ಎಂಬತ್ತು ನಿಮಿಷ ಕಳೆದಿದ್ದರೂ ಆಟದ ಪಾಲಿಗೆ ಕಳೆದದ್ದು 0.05 ಸೆಕೆಂಡ್ ಮಾತ್ರ. ನಿಂತ ಪಾತ್ರದ ವೇಗ 45ಕ್ಕೆ ಏರುತ್ತದೆ, ಅದು ಎರಡೂಕಾಲು ಪಿಕ್ಸೆಲ್ ಇಳಿಯುತ್ತದೆ, 32 ಪಿಕ್ಸೆಲ್ ದಪ್ಪದ ನೆಲ ಅದನ್ನು ಹಿಡಿಯುತ್ತದೆ. ಓಡುತ್ತಿದ್ದ ಪಾತ್ರ 15 ಪಿಕ್ಸೆಲ್ ಮುಂದೆ ಹೋಗುತ್ತದೆ. ಸೊನ್ನೆಗಿಂತ ಕೆಳಗೆ ಹೋಗದಂತೆ ತಡೆದಿರುವುದಕ್ಕೂ ಕಾರಣವಿದೆ: ಬ್ರೌಸರ್ ಕೊಡುವ `now` ಆ ಫ್ರೇಮ್ ಶುರುವಾದ ಹೊತ್ತಾದ್ದರಿಂದ, ಮೊಟ್ಟಮೊದಲ ಸಲ ಅದು `last`ಗಿಂತ ತುಸು ಹಿಂದೆಯೇ ಇರಬಹುದು.

ಈ ಒಂದು ಸಾಲಿನ ಹಿಂದೆ ಒಂದು ತೀರ್ಮಾನವಿದೆ. ಕಳೆದುಹೋದ ಸಮಯವನ್ನು ಆಟ ತುಂಬಿಕೊಡಬೇಕಿಲ್ಲ, ಮರೆತುಬಿಡಬೇಕು ಎಂಬುದೇ ಅದು. ಮೇಲ್ ನೋಡಲು ಹೋದ ಆಟಗಾರ್ತಿಗೆ ತಾನು ಬಿಟ್ಟುಹೋದ ಜಾಗದಲ್ಲೇ ಆಟ ಸಿಗಬೇಕು. ತಾನಿಲ್ಲದಾಗ ಶತ್ರುಗಳು ಎಂಟು ಸೆಕೆಂಡ್ ಮುಂದೆ ಬಂದಿರಲಿ ಎಂದು ಅವಳೇನೂ ಬಯಸುವುದಿಲ್ಲ.

`last = now` ಎಂಬ ಸಾಲು ಮಿತಿ ಹಾಕುವ ಸಾಲಿಗಿಂತ ಮೇಲಿರುವುದನ್ನು ಗಮನಿಸಬೇಕು. ಕೆಲವರು ಅದರ ಬದಲು `last`ಗೆ ಮಿತಿ ಹಾಕಿದ ನಂತರದ ಸಮಯವನ್ನು ಕೂಡಿಸುತ್ತಾರೆ. ನೋಡಲು ಎರಡೂ ಒಂದೇ ಎನಿಸುತ್ತದೆ, ಆದರೆ ಪರಿಣಾಮ ಬೇರೆ. ಆಗ ಎಂಟು ಸೆಕೆಂಡಿನ ಬಾಕಿ ಮರೆತುಹೋಗುವುದಿಲ್ಲ, ಕಂತುಗಳಲ್ಲಿ ತೀರುತ್ತದೆ. ಪ್ರತಿ ಫ್ರೇಮಿನಲ್ಲೂ ಆಟ 0.05 ಸೆಕೆಂಡ್ ಮುಂದೆ ಓಡುತ್ತದೆ. ಅಷ್ಟರಲ್ಲಿ ನಿಜವಾಗಿ ಕಳೆದದ್ದು 0.0167. ಪಾತ್ರ ಮಾಯವಾಗದಿದ್ದರೂ ಮರಳಿ ಬಂದ ಮೇಲೆ ಸುಮಾರು ನಾಲ್ಕು ಸೆಕೆಂಡ್ ಇಡೀ ಆಟ ಮೂರು ಪಟ್ಟು ವೇಗದಲ್ಲಿ ಧಾವಿಸುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಟ್ಯಾಬ್ ಬದಲಿಸಿ ಬಂದಾಗ ಆಟ ಸ್ವಲ್ಪ ಹೊತ್ತು ಹುಚ್ಚು ಹಿಡಿದಂತೆ ಓಡಿದರೆ ಮೊದಲು ನೋಡಬೇಕಾದ ಜಾಗ ಇದು.

ಟ್ಯಾಬ್ ಮರೆಯಾದಾಗ ಬ್ರೌಸರ್ `visibilitychange` ಎಂಬ ಸೂಚನೆ ಕೊಡುತ್ತದಲ್ಲ, ಅದನ್ನು ಹಿಡಿದು ಆಟವನ್ನು ನಿಲ್ಲಿಸಿದರೆ ಸಾಲದೇ ಎಂದು ಕೇಳಬಹುದು. ನಿಲ್ಲಿಸುವುದು ಒಳ್ಳೆಯದೇ, ಆಟಗಾರರಿಗೆ ಅದು ಮರ್ಯಾದೆ. ಆದರೆ ಸಾಲದು. ಬ್ರೇಕ್‌ಪಾಯಿಂಟ್ ತಾಗಿದಾಗ ಆ ಸೂಚನೆ ಬರುವುದಿಲ್ಲ. ಒಂದು ದೊಡ್ಡ ಚಿತ್ರವನ್ನು ಬಿಚ್ಚಿಕೊಳ್ಳುವಾಗ ಪುಟ ಎರಡು ಸೆಕೆಂಡ್ ಮರಗಟ್ಟಿದರೂ ಬರುವುದಿಲ್ಲ. ಬ್ರೌಸರಿನ ಹೊರಗಂತೂ ಇನ್ನೂ ಬೇರೆ ದಾರಿಗಳಿವೆ. ಶಾಲೆ ಕಾಲೇಜುಗಳಲ್ಲಿ ಪೈಥಾನ್ ಕಲಿಯುವವರು ಪೈಗೇಮ್‌ನಲ್ಲಿ ಆಟ ಬರೆಯುತ್ತಾರೆ. ವಿಂಡೋಸ್‌ನಲ್ಲಿ ಆ ಆಟದ ಕಿಟಕಿಯ ಮೇಲಿನ ಪಟ್ಟಿಯನ್ನು ಮೌಸಿನಿಂದ ಹಿಡಿದು ಎಳೆದರೆ, ಬಿಡುವ ತನಕ ಆಟದ ಸುತ್ತು ನಿಂತಿರುತ್ತದೆ. ಕಿಟಕಿ ಎಳೆಯುವ ಕೆಲಸವನ್ನು ವಿಂಡೋಸ್ ತನ್ನದೇ ಒಂದು ಸುತ್ತಿನಲ್ಲಿ ನಡೆಸುವುದರಿಂದ ಹೀಗಾಗುತ್ತದೆ. ಬಿಟ್ಟ ಕೂಡಲೇ ಚೆಂಡು ಗೋಡೆಯ ಆಚೆ. ಅಲ್ಲಿಯೂ ಮದ್ದು ಇದೇ:

```
dt = min(clock.tick(60) / 1000, 0.05)
```

ಅಡ್ಡಿ ಎಲ್ಲಿಂದ ಬಂತು ಎಂದು ಈ ಸಾಲು ಕೇಳುವುದಿಲ್ಲ. ಅದೇ ಇದರ ಬಲ.

ಸಿದ್ಧ ಗೇಮ್ ಎಂಜಿನ್‌ಗಳಲ್ಲಿ ಈ ಮಿತಿ ಮೊದಲೇ ಇರುವುದುಂಟು. ಬ್ರೌಸರ್ ಆಟಗಳಿಗೆ ಬಳಸುವ ಪಿಕ್ಸಿಯಲ್ಲಿ `minFPS` 10 ಎಂದಿರುತ್ತದೆ. ಅಂದರೆ ಒಂದು ಹೆಜ್ಜೆ 0.1 ಸೆಕೆಂಡನ್ನು ಮೀರುವುದಿಲ್ಲ. ಆದರೆ ಅದೇ ಗಡಿಯಾರ ಕೊಡುವ `elapsedMS`ಗೆ ಈ ಮಿತಿಯಿಲ್ಲ, ಅದನ್ನು ಬಳಸಿ ಪಾತ್ರ ಓಡಿಸಿದರೆ ಮತ್ತೆ ಮೊದಲಿನ ಪಾಡೇ. ಯೂನಿಟಿಯಲ್ಲಿ `Time.maximumDeltaTime` ಎಂಬ ಮಿತಿಯಿದೆ. ಅದರ ಮೂಲ ಬೆಲೆ ಸೆಕೆಂಡಿನ ಮೂರನೇ ಒಂದು ಭಾಗ, ಸ್ವಲ್ಪ ಹೆಚ್ಚೇ ಉದಾರವಾದದ್ದು. ಸೆಕೆಂಡಿಗೆ 6 ಮೀಟರ್ ಓಡುವ ಪಾತ್ರದ ಜಾಗವನ್ನು ಸ್ಕ್ರಿಪ್ಟಿನಲ್ಲಿ ನೇರವಾಗಿ ಬದಲಿಸುತ್ತಿದ್ದರೆ ಆ ಮಿತಿಯೊಳಗೇ ಅದು 2 ಮೀಟರ್ ನೆಗೆಯುತ್ತದೆ, ತೆಳ್ಳನೆಯ ಬಾಗಿಲನ್ನು ನಿರಾಯಾಸವಾಗಿ ದಾಟುತ್ತದೆ. ಎಂಜಿನ್ ನೋಡಿಕೊಳ್ಳುತ್ತದೆ ಎಂದು ಸುಮ್ಮನಿರುವ ಬದಲು, ಆಟದ ಅತಿ ವೇಗದ ವಸ್ತು ಯಾವುದು, ಅತಿ ತೆಳುವಾದ ಗೋಡೆ ಯಾವುದು ಎಂದು ನೋಡಿ ಮಿತಿಯನ್ನು ತಾವೇ ನಿರ್ಧರಿಸುವುದು ಕ್ಷೇಮ. ವೇಗವನ್ನು ಮಿತಿಯಿಂದ ಗುಣಿಸಿದಾಗ ಬರುವ ದೂರ ಗೋಡೆಯ ದಪ್ಪಕ್ಕಿಂತ ಕಡಿಮೆ ಇರಬೇಕು.

ಹಾಗಾದರೆ ಮಿತಿಯನ್ನು ಆದಷ್ಟೂ ಬಿಗಿ ಮಾಡಿಬಿಟ್ಟರಾಯಿತಲ್ಲ? ಇಲ್ಲ, ಅದಕ್ಕೆ ಬೆಲೆ ತೆರಬೇಕು. ಕಡಿಮೆ ಬೆಲೆಯ ಒಂದು ಫೋನಿನಲ್ಲಿ ಆಟ ಸೆಕೆಂಡಿಗೆ 12 ಫ್ರೇಮ್ ಮಾತ್ರ ಓಡುತ್ತದೆ ಎನ್ನೋಣ. ಒಂದೊಂದು ಫ್ರೇಮಿಗೂ ನಿಜವಾಗಿ 0.083 ಸೆಕೆಂಡ್ ಹಿಡಿಯುತ್ತದೆ, ಆಟಕ್ಕೆ ತಿಳಿಯುವುದು 0.05 ಮಾತ್ರ. ಇಡೀ ಆಟ ಶೇಕಡಾ 60ರ ವೇಗದಲ್ಲಿ ತೆವಳುತ್ತದೆ. ಅಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಫೋನ್ ನಿಧಾನ, ಅಷ್ಟೇ. ಆದರೂ ಮಿತಿ ಅದನ್ನು ಅಡ್ಡಿ ಎಂದೇ ಎಣಿಸುತ್ತದೆ.

ಇದಕ್ಕೆ ಇರುವ ಗಟ್ಟಿ ದಾರಿಯನ್ನು ಗ್ಲೆನ್ ಫೀಡ್ಲರ್ 2004ರಲ್ಲಿ ಬರೆದ ಲೇಖನವೊಂದು ಬಹಳ ಜನಕ್ಕೆ ತಲುಪಿಸಿತು. ಕಳೆದ ಸಮಯವನ್ನು ಒಂದು ಖಾತೆಗೆ ಹಾಕಿ, ಅದರಿಂದ ಸೆಕೆಂಡಿನ 60ನೇ ಒಂದರಂತೆ ಸಮನಾದ ತುಣುಕುಗಳನ್ನು ತೆಗೆದು ಒಂದೊಂದಕ್ಕೂ ಲೆಕ್ಕ ನಡೆಸುವುದು. ನಿಧಾನದ ಫೋನಿನಲ್ಲಿ ಒಂದು ಫ್ರೇಮಿಗೆ ಐದು ಪುಟ್ಟ ಹೆಜ್ಜೆಗಳು, ವೇಗದ ಕಂಪ್ಯೂಟರಿನಲ್ಲಿ ಒಂದು. ಹೆಜ್ಜೆಯ ಉದ್ದ ಬದಲಾಗದ ಕಾರಣ ಪಾತ್ರ ಗೋಡೆಯೊಳಗೆ ನುಸುಳುವುದಿಲ್ಲ, ಆಟವೂ ನಿಧಾನವಾಗುವುದಿಲ್ಲ.

ಆದರೆ ಇಲ್ಲಿಯೂ ಕ್ಲ್ಯಾಂಪ್ ಬೇಕೇ ಬೇಕು. ಎಂಟು ಸೆಕೆಂಡ್ ಹಾಗೆಯೇ ಖಾತೆಗೆ ಬಂದರೆ ಒಂದೇ ಫ್ರೇಮಿನಲ್ಲಿ 480 ಹೆಜ್ಜೆಗಳ ಲೆಕ್ಕ ಮಾಡಬೇಕಾಗುತ್ತದೆ. ಒಂದು ಹೆಜ್ಜೆಗೆ 4 ಮಿಲಿಸೆಕೆಂಡ್ ಹಿಡಿದರೂ ಅದು ಸುಮಾರು ಎರಡು ಸೆಕೆಂಡ್. ಆ ಎರಡು ಸೆಕೆಂಡ್ ಮತ್ತೆ ಮುಂದಿನ ಫ್ರೇಮಿನ ಖಾತೆಗೆ ಜಮೆಯಾಗುತ್ತದೆ. ಈ ಬಾಕಿ ಕ್ರಮೇಣ ಕರಗುತ್ತದೆ. ಒಂದು ಹೆಜ್ಜೆಯ ಲೆಕ್ಕಕ್ಕೇ 20 ಮಿಲಿಸೆಕೆಂಡ್ ಹಿಡಿಯುವ ಯಂತ್ರವಾದರೆ, 16.7 ಮಿಲಿಸೆಕೆಂಡಿನ ಕೆಲಸಕ್ಕೆ 20 ವ್ಯಯಿಸುತ್ತಾ ಬಾಕಿ ಬೆಳೆಯುತ್ತಲೇ ಹೋಗಿ ಆಟ ಪೂರ್ತಿ ನಿಂತುಬಿಡುತ್ತದೆ. ಫೀಡ್ಲರ್ ತಮ್ಮ ಕೋಡಿನಲ್ಲಿ ಖಾತೆಗೆ ಹೋಗುವ ಸಮಯಕ್ಕೆ 0.25 ಸೆಕೆಂಡಿನ ಮಿತಿ ಇಟ್ಟಿದ್ದಾರೆ. ಅಂದರೆ ಏನೇ ಆದರೂ ಒಂದು ಫ್ರೇಮಿಗೆ 15 ಹೆಜ್ಜೆಗಿಂತ ಹೆಚ್ಚಿಲ್ಲ.

ಎಲ್ಲ ಸಮಯವನ್ನೂ ಮರೆಯುವ ಹಾಗಿಲ್ಲ ಎಂಬುದನ್ನೂ ಹೇಳಬೇಕು. ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವ ಆಟದಲ್ಲಿ ಟ್ಯಾಬ್ ಬದಲಿಸಿದಾಗ ಹಾಡು ಹಿನ್ನೆಲೆಯಲ್ಲಿ ನುಡಿಯುತ್ತಲೇ ಇರಬಹುದು. ಆಟ ಎಂಟು ಸೆಕೆಂಡ್ ಮರೆತರೆ ಹಾಡಿಗೂ ಚಿತ್ರಕ್ಕೂ ಎಂಟು ಸೆಕೆಂಡ್ ಅಂತರ ಬೀಳುತ್ತದೆ. ಅಂಥ ಆಟ ಹಾಡಿನ ಗಡಿಯಾರವನ್ನೇ, ಬ್ರೌಸರಿನಲ್ಲಾದರೆ `AudioContext.currentTime` ಅನ್ನು, ಅನುಸರಿಸಬೇಕು. ಇಲ್ಲವೇ ಟ್ಯಾಬ್ ಮರೆಯಾದಾಗ ಹಾಡನ್ನೂ ನಿಲ್ಲಿಸಬೇಕು. ಹಲವರು ಸೇರಿ ಆಡುವ ಆಟದಲ್ಲಿ ನಿಜವಾದ ಸಮಯ ಇರುವುದು ಸರ್ವರಿನಲ್ಲಿ. ಒಬ್ಬರ ಕಂಪ್ಯೂಟರ್ ಮರೆತ ಮಾತ್ರಕ್ಕೆ ಉಳಿದವರು ನಿಲ್ಲುವುದಿಲ್ಲ, ಮರಳಿ ಬಂದವರು ಸರ್ವರಿನಿಂದ ಈಗಿನ ಸ್ಥಿತಿಯನ್ನು ತರಿಸಿಕೊಳ್ಳಲೇಬೇಕು. ಬಿತ್ತಿದ ಬೆಳೆ ನಾಲ್ಕು ಗಂಟೆಯಲ್ಲಿ ಕೊಯ್ಲಿಗೆ ಬರುವಂಥ ಆಟಗಳಲ್ಲಂತೂ ಆಡದ ಹೊತ್ತೂ ಲೆಕ್ಕಕ್ಕೆ ಸೇರಬೇಕು. ಅಲ್ಲಿ ಬಿತ್ತಿದ ಹೊತ್ತನ್ನು ಬರೆದಿಟ್ಟುಕೊಂಡು ಈಗಿನ ಹೊತ್ತಿನಿಂದ ಕಳೆಯುವುದೇ ಸರಿ. ಆ ಲೆಕ್ಕ `dt` ಕಡೆ ತಲೆ ಹಾಕಲೇಬಾರದು.

ಓಡುವ, ಬೀಳುವ, ಡಿಕ್ಕಿ ಹೊಡೆಯುವ ವಸ್ತುಗಳಿಗೆ ಮಾತ್ರ ಕ್ಲ್ಯಾಂಪ್ ಮಾಡಿದ ಸಮಯ ಸಲ್ಲುತ್ತದೆ. ಆ ಮಿತಿ ಇರಬೇಕಾದದ್ದು ಒಂದೇ ಕಡೆ, ಸಮಯ ಅಳೆದ ಸಾಲಿನ ಬೆನ್ನಲ್ಲೇ. ಆಟಗಾರನಿಗೊಂದು, ಶತ್ರುವಿಗೊಂದು, ಕ್ಯಾಮೆರಾಗೊಂದು ಎಂದು ಬೇರೆ ಬೇರೆ ಮಿತಿಗಳನ್ನು ಹಾಕಿದರೆ, ಪ್ರತಿ ಅಡ್ಡಿಯ ನಂತರವೂ ಒಬ್ಬೊಬ್ಬರು ಒಂದೊಂದು ಕಾಲದಲ್ಲಿರುತ್ತಾರೆ.

ಆಟ ಬರೆಯುತ್ತಿರುವವರು ಅದನ್ನು ಬೇರೆಯವರ ಕೈಗೆ ಕೊಡುವ ಮೊದಲು ಇಷ್ಟು ಪರೀಕ್ಷಿಸಲಿ: ಪಾತ್ರ ಓಡುತ್ತಿರುವಾಗ ಟ್ಯಾಬ್ ಬದಲಿಸಿ ಹತ್ತು ಸೆಕೆಂಡ್ ಬಿಟ್ಟು ಬನ್ನಿ. ಅದು ಗಾಳಿಯಲ್ಲಿರುವಾಗ ಇನ್ನೊಮ್ಮೆ ಬದಲಿಸಿ. `update` ಒಳಗೆ ಬ್ರೇಕ್‌ಪಾಯಿಂಟ್ ಇಟ್ಟು ಅರ್ಧ ನಿಮಿಷ ಕಾದು ಮುಂದುವರಿಸಿ. ಲ್ಯಾಪ್‌ಟಾಪ್ ಮುಚ್ಚಿ ತೆರೆಯಿರಿ. ಈ ನಾಲ್ಕರಲ್ಲಿ ಒಂದರಲ್ಲಾದರೂ ಪಾತ್ರ ಬಿಟ್ಟ ಜಾಗದಿಂದ ಕೆಲವು ಪಿಕ್ಸೆಲ್‌ಗಿಂತ ಹೆಚ್ಚು ಸರಿದಿದ್ದರೆ, ಎಲ್ಲೋ ಒಂದು ಕಡೆ ಮಿತಿಯಿಲ್ಲದ ಸಮಯ ಇನ್ನೂ ಒಳಗೆ ಬರುತ್ತಿದೆ.